ದೀಪದ ಹೋಲಿಕೆ, ಅಮ್ಮನ ಮುಖ

ನಮ್ಮ ಮನೆದೇವರ ಬೆಳ್ಳಿ ಮುಖ ಅಂಗೈಯಗಲ ಇದೆ. ಶುಕ್ರವಾರ ಬೆಳಿಗ್ಗೆ ವಿಭೂತಿ ಹಾಕಿ ಉಜ್ಜಿ, ಕಲಶದ ತೆಂಗಿನಕಾಯಿಗೆ ಕಟ್ಟಿ ಕುಂಕುಮ ಇಟ್ಟರೆ ಅಮ್ಮ ಬಂದು ಕೂತಳು ಅಂತ ಅರ್ಥ. ಕಟ್ಟುವ ದಾರ ಅಂಗಡಿಯದಲ್ಲ. ಮಗ್ಗಕ್ಕೆ ಹೊಸ ಹಾಸು, ಅಂದರೆ ಸೀರೆಯ ಉದ್ದಕ್ಕೆ ಹೋಗುವ ರೇಷ್ಮೆ ಎಳೆಗಳು, ಏರಿದಾಗ ಅದರಿಂದ ಒಂದಿಷ್ಟು ಎಳೆ ತೆಗೆದು ಹೊಸೆದು ಅರಿಶಿನ ಹಚ್ಚಿ ಇಟ್ಟುಕೊಳ್ಳುತ್ತೇವೆ. ಆ ಹಾಸು ನೇಯ್ದು ಮುಗಿಯುವವರೆಗೂ ಅಮ್ಮನಿಗೆ ಅದೇ ದಾರ. ಇದು ನಮ್ಮ ಮನೆಯ ರೂಢಿ. ದೊಡ್ಡಬಳ್ಳಾಪುರದಲ್ಲಿ ಬೇರೆ ನೇಕಾರರ ಮನೆಗಳಲ್ಲಿ ಹೀಗೆ ಮಾಡುತ್ತಾರೋ ಇಲ್ಲವೋ ಗೊತ್ತಿಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ನನ್ನ ಕೈಗೆ ಕೊಟ್ಟ ಮೊದಲ ಕೆಲಸ ಆ ಮುಖ ಕಟ್ಟುವುದು. ಓರೆಯಾಗದ ಹಾಗೆ ಕಟ್ಟಲು ಕಲಿಯುವಷ್ಟರಲ್ಲಿ ನನ್ನ ದೊಡ್ಡ ಮಗಳು ಹುಟ್ಟಿದ್ದಳು.

ನನಗೆ ಒಬ್ಬಳು ಓರಗಿತ್ತಿ. ನನ್ನ ಮೈದುನನ ಹೆಂಡತಿ. ಅವಳ ಬಗ್ಗೆ ನನಗೆ ಹೊಟ್ಟೆಕಿಚ್ಚು ಇದೆ. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ, ಪ್ರತಿದಿನ ದೀಪ ಹಚ್ಚುವಾಗ ಅಮ್ಮನಿಗೇ ಹೇಳಿಕೊಂಡಿದ್ದೇನೆ. ಅವಳು ನನಗಿಂತ ಬೆಳ್ಳಗಿದ್ದಾಳೆ, ಅದು ಹೋಗಲಿ. ಅವಳ ಸಾರಿಗೆ ನಮ್ಮತ್ತೆ ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಾರೆ, ಅದೂ ಹೋಗಲಿ. ಅವಳು ಮಾತಾಡಿದರೆ ಎದುರಿಗಿದ್ದವರು ಹೌದಲ್ವಾ ಅನ್ನುತ್ತಾರೆ. ನಾನು ಅದೇ ಮಾತು ಹೇಳಿದರೆ ಟಿವಿ ಸೌಂಡು ಜಾಸ್ತಿ ಮಾಡುತ್ತಾರೆ. ಅದು ಹೋಗುವುದಿಲ್ಲ.

ಮೈದುನ ಮಗ್ಗ ಬಿಟ್ಟು ಸೀರೆ ವ್ಯಾಪಾರಕ್ಕೆ ಇಳಿದ ಮೇಲೆ ಬಸ್ ಸ್ಟ್ಯಾಂಡ್ ಆಚೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ. ಹಳೇ ಮನೆ, ಮಗ್ಗಗಳು, ಅಮ್ಮನ ಮುಖ ನಮ್ಮ ಪಾಲಿಗೆ ಉಳಿದವು. ಅತ್ತೆ ಮಾತ್ರ ಇಬ್ಬರಿಗೂ ಸೇರಿದವರು. ಯುಗಾದಿಯಿಂದ ದಸರೆವರೆಗೆ ನಮ್ಮ ಮನೆ, ದಸರೆ ಕಳೆದ ಮೇಲೆ ಯುಗಾದಿವರೆಗೆ ಅವರ ಮನೆ. ಹಾಗಂತ ಅವರೇ ಹೇಳಿ ಅವರೇ ನಡೆಸಿಕೊಂಡು ಬಂದಿದ್ದಾರೆ. ಅವರು ಆ ಮನೆಗೆ ಹೋಗುವ ದಿನ ನನಗೆ ಅರ್ಧ ನಿರಾಳ, ಅರ್ಧ ಉರಿ. ಅಲ್ಲಿ ಹೋದವರು ಗುಂಡಗಾಗಿ ಬರುತ್ತಾರೆ.

ಶ್ರಾವಣದ ಒಂದು ಬೆಳಿಗ್ಗೆ ಓರಗಿತ್ತಿ ಬಂದಳು. ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತಿದ್ದವು. ಆ ಹೊತ್ತಿನಲ್ಲಿ ನಮ್ಮ ಬೀದಿಯಲ್ಲಿ ಪಿಸುಮಾತೂ ಕೇಳುತ್ತದೆ. ಅತ್ತೆ ಹೂಬತ್ತಿ ಮಾಡುತ್ತಾ ಕೂತಿದ್ದರು. ಅವಳು ಅವರ ಪಕ್ಕ ಕೂತು ತಾನೂ ಒಂದು ಬತ್ತಿ ಹೊಸೆಯುತ್ತಾ, ನನ್ನ ಕಡೆ ನೋಡದೆ, ವಿಷಯಕ್ಕೆ ಬಂದಳು.

"ಅತ್ತೆ, ನಮ್ಮನೇಲಿ ದೇವರ ಮನೆ ಮಾಡಿದೀವಲ್ಲ, ಅಷ್ಟು ದೊಡ್ಡದು, ಖಾಲಿ ಖಾಲಿ ಇದೆ. ಅಮ್ಮ ಅಲ್ಲಿಗೆ ಬಂದ್ರೆ ಎಷ್ಟು ಚೆನ್ನಾಗಿರುತ್ತೆ."

"ಅಮ್ಮ ಇಲ್ಲಿದಾಳಲ್ಲಮ್ಮ," ಅಂದೆ ನಾನು, ಒಲೆ ಹತ್ತಿರದಿಂದ.

"ಇದ್ದಾಳೆ ಅಕ್ಕಾ, ಇರ್ಲಿ. ನಾನು ಕಿತ್ಕೊಂಡು ಹೋಗ್ತೀನಿ ಅಂದ್ನಾ? ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದ್ರೆ ಮೊದಲ್ನೇ ದೀಪಕ್ಕೆ ಏನಾದ್ರೂ ಕಮ್ಮಿ ಆಗುತ್ತಾ? ಇಷ್ಟು ವರ್ಷ ಇಲ್ಲಿ ಉರೀತು. ಇನ್ಮೇಲೆ ನಮ್ಮನೇಲೂ ಉರೀಲಿ."

ಅತ್ತೆಯ ಕೈಯಲ್ಲಿದ್ದ ಬತ್ತಿ ನಿಂತಿತು. ಅವರ ಮುಖ ಬೆಳಗಿದ್ದು ನನಗೆ ಕಾಣಿಸಿತು. ಆ ಹೆಂಗಸು ಬದುಕಿಡೀ ದೀಪ ಹಚ್ಚಿದವರು. ಒಂದರಿಂದ ಒಂದು ಹಚ್ಚುವಾಗ ಮೊದಲನೆಯದು ಅಲುಗದೆ ನಿಲ್ಲುವುದನ್ನು ಕಣ್ಣಾರೆ ನೋಡಿದವರು. ಯಾರೂ ಹೇಳಿ ಒಪ್ಪಿಸುವ ಅವಶ್ಯಕತೆಯೇ ಇಲ್ಲದ ಹಾಗೆ ಅವರಿಗೆ ಅದು ಗೊತ್ತು. ಅದರ ಜೊತೆಗೆ ಆ ಹೊಸ ದೇವರ ಮನೆಯ ಬಿಳಿ ಕಲ್ಲಿನ ಮೇಲೆ ಅವರಿಗೆ ಮೊದಲಿನಿಂದಲೂ ಕಣ್ಣು. ಗೊತ್ತಿರುವ ವಿಷಯದಿಂದ ಹೊರಟು ಬೇಕಾದ ಕಡೆಗೆ ಹೋಗುವ ಮಾತು ಸಿಕ್ಕರೆ ಯಾರು ತಾನೆ ಬೇಡ ಅನ್ನುತ್ತಾರೆ?

"ಹೌದು ಕಣೇ," ಅಂದರು ನನ್ನ ಕಡೆ ತಿರುಗಿ. "ಹೆಪ್ಪು ಕೊಟ್ಟ ಹಾಗೆ ಅದು. ನಮ್ಮನೆ ಮೊಸರಿಂದ ಒಂದು ಚಮಚ ಕೊಟ್ರೆ ಅವರ ಮನೇಲಿ ಹಾಲೆಲ್ಲ ಮೊಸರಾಗುತ್ತೆ. ನಮ್ಮ ಮೊಸರು ನಮ್ಮನೇಲೇ ಇರುತ್ತೆ."

ಓರಗಿತ್ತಿ ಒಂದು ದೀಪ ತಂದಿದ್ದಳು, ಅತ್ತೆ ಅದಕ್ಕೆ ಮೊಸರನ್ನೂ ಸೇರಿಸಿದರು. ನನಗೆ ಏನೋ ತಪ್ಪಿದೆ ಅನ್ನಿಸುತ್ತಿತ್ತು, ಎಲ್ಲಿ ಅಂತ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಕರೆಂಟು ಬಂತು, ಮಗ್ಗಗಳು ಒಟ್ಟಿಗೆ ಶುರುವಾದವು, ಯಾರ ಮಾತೂ ಯಾರಿಗೂ ಕೇಳದ ಹಾಗಾಯಿತು. ಅದನ್ನು ನಾನು ಅವತ್ತಿನ ಕೃಪೆ ಅಂತ ಎಣಿಸಿಕೊಂಡೆ.

ಸಂಜೆ ನಮ್ಮ ಯಜಮಾನರಿಗೆ ಹೇಳಿದೆ. ಅವರು ಲಾಳಿಯ ಕೊಳವೆ ಬದಲಾಯಿಸುತ್ತಾ ಕೇಳಿದರು. "ಅಮ್ಮ ಹೇಗೆ ಹೇಳ್ತಾಳೋ ಹಾಗೆ. ನನ್ನ ಇದರಲ್ಲಿ ಎಳೀಬೇಡ." ತಾಯಿ ಮಾತು ಬಂದರೆ ಅವರು ಯಾವಾಗಲೂ ಮಗ್ಗದ ಹಿಂದೆ.

ಗುರುವಾರ ಮಧ್ಯಾಹ್ನ ಭಜನೆ ಮಂದಿರದ ಮಹಡಿಯಲ್ಲಿ ನಮಗೆ ಪಾಠ ಇರುತ್ತದೆ. ಪಾಠ ಹೇಳುವ ಮೇಡಂ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿ ನಿವೃತ್ತರಾದವರು. ಈಗ ಹೆಂಗಸರಿಗೆ ವೇದಾಂತದ ಪುಸ್ತಕ ಓದಿಸುತ್ತಾರೆ. ಆ ಪುಸ್ತಕಗಳಲ್ಲಿ ಪುಟ ಪುಟಕ್ಕೂ ಹೋಲಿಕೆ: ಮಣ್ಣು ಮಡಕೆ, ಚಿನ್ನ ಬಳೆ, ಹಗ್ಗ ಹಾವು. ಒಂದೊಂದು ಹೋಲಿಕೆ ಬಂದಾಗಲೂ ಮೇಡಂ ಕನ್ನಡಕ ಮೇಲೆತ್ತಿ ಒಂದೇ ಪ್ರಶ್ನೆ ಕೇಳುತ್ತಾರೆ. "ಎಷ್ಟರ ಮಟ್ಟಿಗೆ?" ಯಾವ ಅಂಶದಲ್ಲಿ ಹೋಲುತ್ತದೆ, ಎಲ್ಲಿಗೆ ನಿಲ್ಲುತ್ತದೆ ಅಂತ ನಾವು ಹೇಳಬೇಕು. ಹೇಳಿದ ಮೇಲೇ ಮುಂದಿನ ಸಾಲು.

ಅಲ್ಲೂ ನನ್ನ ಓರಗಿತ್ತಿಯೇ ಮುಂದಿನ ಚಾಪೆ. ಹಗ್ಗ ಹಾವಿನ ಪಾಠದ ದಿನ, "ಮೇಡಂ, ಹಗ್ಗ ಹಾವಾಗಿ ಕಾಣ್ಬೇಕು ಅಂದ್ರೆ ಅವನು ಮುಂಚೆ ನಿಜವಾದ ಹಾವು ನೋಡಿರ್ಬೇಕಲ್ವಾ? ಹಾಗಾದ್ರೆ ಇಲ್ಲಿ ಆ ಹಾವು ಯಾವುದು?" ಅಂತ ಕೇಳಿ ಎಲ್ಲರನ್ನೂ ಬೆರಗು ಮಾಡಿದ್ದಳು. ಮೇಡಂ ಆ ಪ್ರಶ್ನೆಯನ್ನು ಎರಡು ವಾರ ಬಿಡದೆ ಕೊಂಡಾಡಿದರು. ಹಾವು ನೋಡಿರಬೇಕು ಅಂತ ನನಗೂ ಅನ್ನಿಸಿತ್ತು. ಬಾಯಿಗೆ ಬರಲಿಲ್ಲ ಅಷ್ಟೆ.

ಆ ಗುರುವಾರ ಪಾಠ ಮುಗಿದ ಮೇಲೆ ನಾನೇ ಬಾಯಿ ತೆರೆದೆ. ಮನೆ ವಿಷಯ ಅಂತ ಹೇಳಲಿಲ್ಲ. "ಮೇಡಂ, ದೀಪದಿಂದ ದೀಪ ಹಚ್ಚಿದ್ರೆ ಕಮ್ಮಿ ಆಗಲ್ಲ ಅಂತಾರಲ್ಲ, ಅದನ್ನ ಎಲ್ಲದಕ್ಕೂ ಹೇಳ್ಬಹುದಾ?"

ಓರಗಿತ್ತಿಗೆ ಗೊತ್ತಾಗಿಬಿಟ್ಟಿತು. ಅವಳು ಮುಚ್ಚಿಡುವವಳಲ್ಲ. "ಮನೆದೇವರ ಮುಖದ ವಿಷಯ ಮೇಡಂ. ಅಕ್ಕನ ಮನೇಲಿದೆ. ನಮ್ಮನೆಗೂ ಬರ್ಲಿ ಅಂತ ನಾನಂದೆ," ಅಂದಳು ನಗುತ್ತಾ. ಎದ್ದು ಹೊರಟಿದ್ದ ಹತ್ತಾರು ಹೆಂಗಸರು ಮತ್ತೆ ಕೂತರು.

ಮೇಡಂ ಇಬ್ಬರನ್ನೂ ನೋಡಿದರು. "ನ್ಯಾಯ ಹೇಳೋಳು ನಾನಲ್ಲ. ಹೋಲಿಕೆ ಮಾತ್ರ ನೋಡೋಣ. ದೀಪ ಹಚ್ಚಿದ್ರೆ ಮೊದಲ್ನೇದು ಯಾಕಮ್ಮ ಕಮ್ಮಿ ಆಗಲ್ಲ?"

"ಯಾಕೆ ಅಂದ್ರೆ... ಬೆಂಕಿ ಅಲ್ವಾ ಮೇಡಂ," ಅಂದಳು ಓರಗಿತ್ತಿ.

"ಬೆಂಕಿ ಆದ್ರೆ?"

ಓರಗಿತ್ತಿ ಸ್ವಲ್ಪ ಯೋಚಿಸಿದಳು. "ಎರಡನೇ ದೀಪಕ್ಕೆ ಅದರದೇ ಎಣ್ಣೆ, ಅದರದೇ ಬತ್ತಿ ಇರುತ್ತೆ. ಇಲ್ಲಿಂದ ಹೋಗೋದು ಬರೀ ಹೊತ್ತಿಸೋ ಅಷ್ಟು."

"ಸರಿ. ಹೆಪ್ಪಿಗೂ ಅದೇ ಕಾರಣ, ಅವರ ಮನೆ ಹಾಲು. ಈಗ ಹೇಳು, ಆ ಕಾರಣ ಬೆಳ್ಳಿ ಮುಖಕ್ಕೆ ಇದೆಯಾ?"

ನನ್ನ ಎದೆಯಲ್ಲಿ ಸಕ್ಕರೆ ಕರಗಿದ ಹಾಗಾಯಿತು.

"ಮುಖ ಒಂದೇ," ಅಂದರು ಮೇಡಂ. "ನಿಮ್ಮ ಮನೆಗೆ ಬಂದ್ರೆ ಅವರ ಮನೇಲಿ ಇರಲ್ಲ. ದೀಪದ ವಿಷಯದಲ್ಲಿ ಹಾಗಾಗಲ್ಲ. ಅಲ್ಲಿ ಯಾವ ಕಾರಣಕ್ಕೆ ಆ ಫಲ ಬಂತೋ ಅದೇ ಕಾರಣ ಇಲ್ಲಿಲ್ಲ. ಭಕ್ತಿ ಬಗ್ಗೆ ಹೇಳು, ಪೂಜೆ ಮಾಡೋ ರೀತಿ ಬಗ್ಗೆ ಹೇಳು, ದೀಪದ ಮಾತು ಪೂರ್ತಿ ನಿಲ್ಲುತ್ತೆ. ಅಕ್ಕನ್ನ ನೋಡಿ ನೀನು ಕಲಿತು ನಿನ್ನ ಮನೇಲಿ ಮಾಡಿದ್ರೆ ಅವರಿಗೇನೂ ಕಮ್ಮಿ ಆಗಲ್ಲ. ನೀನು ಭಕ್ತಿಗೆ ಸರಿಹೋಗೋ ಹೋಲಿಕೆ ತಂದು ಬೆಳ್ಳಿಗೆ ಅಂಟಿಸಿದೀಯ."

ಓರಗಿತ್ತಿ ತಲೆ ಬಾಗಿಸಿದಳು. ಮುಖ ಸಣ್ಣದಾಗಿತ್ತು, ಆದರೂ "ಹೌದು ಮೇಡಂ, ಅಂಟಲ್ಲ" ಅಂದಳು. ಸೋತಾಗಲೂ ಚಂದ ಕಾಣುತ್ತಾಳೆ, ಅದೇ ಕಷ್ಟ.

ಮೇಡಂ ಅಲ್ಲಿಗೆ ಬಿಡಲಿಲ್ಲ. ಮಾತು ತಿಳಿಸಲು ತರುವ ಹೋಲಿಕೆ ಬೇರೆ, ಮಾತು ಗೆಲ್ಲಿಸಲು ತರುವ ಹೋಲಿಕೆ ಬೇರೆ ಅಂತ ವಿವರಿಸಿದರು. ಚಂದ್ರನ ಹಾಗೆ ಮುಖ ಅಂದಾಗ ತಂಪು, ಚೆಲುವು ತಗೊಂಡು ಕಲೆ ಬಿಡುತ್ತೇವೆ. ಯಾರೂ ಜಗಳಕ್ಕೆ ಬರುವುದಿಲ್ಲ. ಆದರೆ ಅಲ್ಲಿ ಹೀಗಾಯಿತು, ಆದ್ದರಿಂದ ಇಲ್ಲೂ ಹೀಗೇ ಆಗಬೇಕು ಅಂದಾಗ, ಹಾಗಾಗುವುದಕ್ಕೆ ಕಾರಣವಾದ ಅಂಶ ಎರಡೂ ಕಡೆ ಇರಬೇಕು. "ಎಷ್ಟು ಅಂಶ ಕೂಡುತ್ತೆ ಅನ್ನೋದು ದೊಡ್ಡದಲ್ಲ. ಸೀರೇಲಿ ಭಾರ ಹೊರೋ ಎಳೆ ಒಂದಿದ್ರೆ ಸಾಕು, ಮಿಕ್ಕಿದ್ದೆಲ್ಲ ಅಲಂಕಾರ."

"ಮೇಡಂ," ಅಂದಳು ಓರಗಿತ್ತಿ, ಆಗಲೇ ಚೇತರಿಸಿಕೊಂಡು. "ಹಾಸಿನಲ್ಲಿ ಎಲ್ಲ ಎಳೇನೂ ಭಾರ ಹೊರುತ್ತೆ. ಒಂದೇ ಎಳೆ ಹೊತ್ರೆ ಅದು ಪಟ್ ಅಂತ ಹೋಗುತ್ತೆ."

ಮಹಡಿಯೆಲ್ಲ ನಕ್ಕಿತು. ಮೇಡಂ ಎಲ್ಲರಿಗಿಂತ ಜಾಸ್ತಿ ನಕ್ಕರು. "ನೇಕಾರರ ಊರಲ್ಲಿ ಸೀರೆ ಮಾತಾಡಬಾರ್ದಿತ್ತು. ಉದಾಹರಣೆ ಕೆಟ್ಟಿತು ಕಣಮ್ಮ. ಆದ್ರೆ ಉದಾಹರಣೆ ಕೆಟ್ಟ ಮಾತ್ರಕ್ಕೆ ನಾನು ಹೇಳಿದ್ದು ಸುಳ್ಳಾಗಲಿಲ್ಲ. ಅದನ್ನೂ ನೆನಪಿಟ್ಕೊಳ್ಳಿ."

ಮೆಟ್ಟಿಲಿಳಿದು ಬರುವಾಗ ನಾನು ಗೆದ್ದವಳ ಹಾಗೆ ನಡೆದೆ. ಮಳೆ ಬರುವ ಹಾಗಿತ್ತು, ಬರಲಿಲ್ಲ. ಒಣಗಲು ಹಾಕಿದ್ದ ಬಟ್ಟೆ ಉಳಿಯಿತು. ಎರಡು ಕೃಪೆ ಒಂದೇ ಮಧ್ಯಾಹ್ನ. ಅವಳು ಹಿಂದಿನಿಂದ ಬಂದು, "ಅಕ್ಕಾ, ಆಟೋ ಹಿಡೀಲಾ, ಬಿಟ್ಟೋಗ್ತೀನಿ," ಅಂದಳು. ಬೇಡ ಅಂದೆ. ನಡೆದುಕೊಂಡೇ ಹೋಗಿ ಅತ್ತೆಗೆ ಮೊದಲು ನಾನೇ ಹೇಳಬೇಕಿತ್ತು.

ಅತ್ತೆ ಎಲ್ಲ ಕೇಳಿಸಿಕೊಂಡರು. ದೀಪ ಸರಿಹೋಗಲ್ಲ, ಹೆಪ್ಪೂ ಸರಿಹೋಗಲ್ಲ ಅನ್ನುವುದನ್ನು ಒಪ್ಪಿದರು. "ಹೌದಪ್ಪ, ಮುಖ ಒಂದೇ ಅಲ್ವಾ," ಅಂದರು. ಬೇಕಾದರೆ ಅವಳು ಹೊಸ ಮುಖ ಮಾಡಿಸಿಕೊಳ್ಳಲಿ ಅಂತ ನಾನು ಸೇರಿಸಿದೆ.

"ಹೊಸಾದು ಬರೀ ಬೆಳ್ಳಿ ಕಣೇ. ಇದು ನಮ್ಮತ್ತೆ, ಅವರತ್ತೆ ಎಲ್ಲ ಕುಂಕುಮ ಇಟ್ಟಿದ್ದು," ಅಂದರು ಅತ್ತೆ. ಎಲೆಗೆ ಸುಣ್ಣ ಸವರುತ್ತಾ, "ಪಾಪ, ಚಿಕ್ಕೋಳು ಆಸೆಪಟ್ಲು," ಅಂದರು.

ಆ ಪಾಪ ಅನ್ನುವ ಮಾತು ನನ್ನನ್ನು ಸುಟ್ಟಿತು. ದೀಪ ಆರಿದರೂ ಅದರ ಹೊಗೆ ಅವಳ ಪರವಾಗಿಯೇ ಇತ್ತು. ದೀಪ ತಪ್ಪು ಅಂತ ತೋರಿಸಿದ ಮಾತ್ರಕ್ಕೆ ಮುಖ ಇಲ್ಲೇ ಇರಬೇಕು ಅಂತ ಸಿದ್ಧವಾಗಲಿಲ್ಲ. ಉದಾಹರಣೆ ಕೆಟ್ಟ ಮಾತ್ರಕ್ಕೆ ಹೇಳಿದ್ದು ಸುಳ್ಳಾಗಲ್ಲ ಅಂತ ಮೇಡಂ ಸೀರೆಯ ಮಾತಿನಲ್ಲಿ ಹೇಳಿದ್ದೂ ಅದೇ. ನನ್ನ ಪರ ಒಂದು ಮಾತು ಬೇಕಿತ್ತು. ನಾನೂ ಒಂದು ಹೋಲಿಕೆ ಹುಡುಕಲು ಹೊರಟೆ.

ಎರಡು ದಿನ ಅದೇ ಧ್ಯಾನ. ಮೊದಲು ಸಿಕ್ಕಿದ್ದು ಮಗ್ಗದ್ದು. ಹಾಸನ್ನು ನಡುವೆ ಕತ್ತರಿಸಿದರೆ ಎರಡು ಕಡೆಯೂ ಕೆಡುತ್ತದೆ, ಹಾಗೆ ಮನೆದೇವರನ್ನು ಮನೆಯಿಂದ ಕತ್ತರಿಸಬಾರದು. ನನಗೆ ಬಹಳ ಚೆನ್ನಾಗಿದೆ ಅನ್ನಿಸಿತು. ಯಜಮಾನರ ಮುಂದೆ ಪ್ರಯೋಗ ಮಾಡಿದೆ.

"ಏನೇ ಇದು," ಅಂದರು ಅವರು. "ಹಾಸು ಮಗ್ಗದ ಮೇಲಿರುವಾಗಲೇ ಸೀರೆ ಮುಗಿದಂಗೆ ಮುಗಿದಂಗೆ ಕತ್ತರಿಸ್ತಾನೇ ಇರ್ತೀವಲ್ಲ. ಯಾವ ಕಡೆ ಕೆಟ್ಟಿದೆ? ಕತ್ತರಿಸದಿದ್ರೆ ಮಾರೋದು ಹೇಗೆ?"

ಅಲ್ಲಿಗೆ ಅದು ಸತ್ತಿತು. ಉದಾಹರಣೆಯೇ ನಿಜವಲ್ಲದಿದ್ದರೆ ಅದನ್ನು ತಂದು ಇನ್ನೊಂದಕ್ಕೆ ಹೊಂದಿಸುವ ಮಾತೆಲ್ಲಿ? ಮಗ್ಗದ ಸದ್ದಿನ ನಡುವೆ ಇಷ್ಟು ವರ್ಷ ಬದುಕಿ ನಾನು ಮಗ್ಗದ ಬಗ್ಗೆಯೇ ತಪ್ಪು ಹೇಳಿದೆ. ಅಸೂಯೆ ಬಂದಾಗ ಕಣ್ಣಿಗೆ ತನಗೆ ಬೇಕಾದ್ದು ಮಾತ್ರ ಕಾಣುತ್ತದೆ.

ಮರುದಿನ ಇಡ್ಲಿ ಹಿಟ್ಟು ಕಲಸುವಾಗ ಸರಿಯಾದದ್ದು ಹೊಳೆಯಿತು. ಅಮ್ಮ ಅಂದರೆ ತಾಯಿ. ತಾಯಿಯನ್ನು ಪಾಲು ಮಾಡುತ್ತಾರೆಯೇ? ಇದರಲ್ಲಿ ಎಷ್ಟೆಲ್ಲ ಕೂಡಿಬರುತ್ತದೆ ಅಂತ ನಾನು ಮನಸ್ಸಿನಲ್ಲೇ ಪೋಣಿಸಿದೆ: ತಾಯಿಗೂ ಮಡಿಲು ತುಂಬುತ್ತೇವೆ, ಅಮ್ಮನಿಗೂ ತುಂಬುತ್ತೇವೆ. ತಾಯಿಗೂ ಸಿಟ್ಟು ಬರುತ್ತದೆ, ಅಮ್ಮನಿಗೂ ಬರುತ್ತದೆ. ಇಬ್ಬರಿಗೂ ಹೊಸ ಸೀರೆ ಉಡಿಸುತ್ತೇವೆ, ಇಬ್ಬರೂ ಮನೆ ಕಾಯುತ್ತಾರೆ. ಇಷ್ಟು ಕೂಡಿದ ಮೇಲೆ ಯಾರು ಮುರಿಯುತ್ತಾರೆ ನೋಡೋಣ ಅಂದುಕೊಂಡೆ.

ಓರಗಿತ್ತಿ ಭಾನುವಾರ ನುಗ್ಗೆಸೊಪ್ಪು ತಂದಳು. ಅವಳಿರುವಾಗಲೇ, ಅತ್ತೆಯ ಎದುರಿಗೇ, ನಾನು ಹೇಳಿದೆ.

"ಅತ್ತೆ, ಅಮ್ಮ ಅನ್ನೋದು ಸುಮ್ನೆ ಮಾತಾ? ತಾಯೀನೇ ಅಲ್ವಾ? ತಾಯಿ ಒಬ್ಬಳೇ. ತಾಯೀನ ಯಾರಾದ್ರೂ ಅಲ್ಲಿಷ್ಟು ಇಲ್ಲಿಷ್ಟು ಅಂತ ಪಾಲು ಹಾಕ್ತಾರಾ?"

ಓರಗಿತ್ತಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು. ಅತ್ತೆ ಎಲೆಅಡಿಕೆ ತಟ್ಟೆ ಪಕ್ಕಕ್ಕಿಟ್ಟು ನನ್ನನ್ನೇ ನೋಡಿದರು.

"ಮತ್ತೆ ನನ್ನ ಏನು ಮಾಡಿದೀರ?"

"ಅತ್ತೆ?"

"ದಸರೆವರೆಗೆ ಇಲ್ಲಿ, ಆಮೇಲೆ ಅಲ್ಲಿ. ನಾನು ತಾಯಿ ಅಲ್ವೇನೇ? ನಾನು ಒಬ್ಬಳೇ ಅಲ್ವೇನೇ?"

ಓರಗಿತ್ತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗುವನ್ನು ಬಾಯಲ್ಲಿ ಮುಚ್ಚಿಟ್ಟರೆ ಭುಜದಲ್ಲಿ ಕಾಣುತ್ತದೆ.

"ಅದು ಬೇರೆ ಅತ್ತೆ," ಅಂದೆ.

"ಯಾಕೆ ಬೇರೆ? ನೀನೇ ಅಂದೆ ತಾಯಿ ಹಾಗೆ ಅಂತ. ಇಬ್ಬರು ಗಂಡುಮಕ್ಕಳ ತಾಯಿ ಒಬ್ಬನ ಮನೇಲೇ ಇದ್ರೆ ಇನ್ನೊಬ್ಬನ ಗತಿ ಏನು? ಅದಕ್ಕೇ ಅಲ್ವಾ ನಾನು ಮಂಡಿನೋವು ಕಟ್ಕೊಂಡು ಓಡಾಡೋದು. ತಾಯಿ ಅಂದ್ಮೇಲೆ ಅವಳೂ ಓಡಾಡ್ಲಿ. ದಸರೆ ಆದ್ಮೇಲೆ ನನ್ ಜೊತೆ ಬರ್ತಾಳೆ, ಯುಗಾದಿಗೆ ನನ್ ಜೊತೇಲೇ ವಾಪಸ್ ಬರ್ತಾಳೆ. ಮುಗೀತು."

ನಾನು ಕಟ್ಟಿದ ಹಗ್ಗದಲ್ಲಿ ನನ್ನನ್ನೇ ಕಟ್ಟಿದರು. ರಾತ್ರಿಯ ಅಡುಗೆಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ.

ಮುಂದಿನ ಗುರುವಾರ ಓರಗಿತ್ತಿ ಬರುವ ಮೊದಲೇ ಹೋಗಿ ಮೇಡಂ ಹತ್ತಿರ ಅತ್ತುಕೊಂಡೆ. "ಹೋಲಿಕೇಲಿ ಒಂದು ಅಂಶ ಮಾತ್ರ ತಗೋಬೇಕು ಅಂತ ನೀವೇ ಹೇಳಿದ್ರಿ. ನಾನು ತಗೊಂಡಿದ್ದು ಒಬ್ಬಳೇ ಅನ್ನೋ ಅಂಶ. ಅವರು ಓಡಾಡೋದನ್ನ ತಂದು ಸೇರಿಸಿದ್ರು."

ಮೇಡಂ ಚಾಪೆ ಹಾಸುತ್ತಿದ್ದವರು ನಿಲ್ಲಿಸಿದರು. "ನೀವು ಒಂದು ಅಂಶಕ್ಕೆ ನಿಲ್ಲಿಸಬಹುದು. ಆದ್ರೆ ಅಲ್ಲಿಗೇ ಯಾಕೆ ನಿಲ್ಲಬೇಕು ಅನ್ನೋದಕ್ಕೆ ಕಾರಣ ಕೊಡ್ಬೇಕು. ನನಗೆ ಅಷ್ಟೇ ಬೇಕಿತ್ತು ಅನ್ನೋದು ಕಾರಣ ಅಲ್ಲ. ಒಬ್ಬಳೇ ಇರೋ ತಾಯಿ ಒಂದೇ ಮನೇಲಿ ಇರ್ತಾಳೆ ಅಂತ ಯಾರು ಹೇಳಿದ್ದು? ನಿಮ್ಮ ಮನೇಲೇ ಇಲ್ಲ."

"ಮತ್ತೆ ಅಷ್ಟೊಂದು ಅಂಶ ಕೂಡಿತ್ತಲ್ಲ ಮೇಡಂ. ಮಡಿಲು ತುಂಬೋದು, ಸೀರೆ..."

"ಅವೆಲ್ಲ ಕೂಡುತ್ತೆ. ಆದ್ರೆ ಯಾರ ಮನೇಲಿ ಇರ್ಬೇಕು ಅನ್ನೋ ಪ್ರಶ್ನೆಗೆ ಸೀರೆಯಿಂದ ಏನು ಗೊತ್ತಾಗುತ್ತೆ?" ಆಮೇಲೆ ಸ್ವರ ಇಳಿಸಿದರು. "ನಿಮ್ಮತ್ತೆ ನಿಮ್ಮ ಹೋಲಿಕೇನ ಮುರೀಲಿಲ್ಲ. ಒಪ್ಪಿಕೊಂಡ್ರು. ಒಪ್ಪಿಕೊಂಡು ಅದು ಎಲ್ಲಿಗೆ ಕರ್ಕೊಂಡು ಹೋಗುತ್ತೋ ಅಲ್ಲಿವರೆಗೂ ಹೋದ್ರು. ಹೋಲಿಕೆ ಪರೀಕ್ಷೆ ಮಾಡೋದಕ್ಕೆ ಅದಕ್ಕಿಂತ ಒಳ್ಳೇ ದಾರಿ ನನಗೆ ಗೊತ್ತಿಲ್ಲ. ನಿಮಗೆ ಅವರ ತೀರ್ಮಾನ ಬೇಡ ಅಂದ್ರೆ ಅಮ್ಮ ಯಾವ ವಿಷಯದಲ್ಲಿ ತಾಯಿ ಹಾಗಲ್ಲ ಅಂತ ತೋರಿಸಿ. ಆಗುತ್ತಾ?"

ಯೋಚಿಸಿದೆ. ಅತ್ತೆ ಮನಸ್ಸಿಗೆ ಬಂದ ಕಡೆ ತಾವೇ ನಡೆದು ಹೋಗುತ್ತಾರೆ, ಅಮ್ಮನನ್ನು ನಾವು ಎತ್ತಿಕೊಂಡು ಹೋಗಬೇಕು. ವ್ಯತ್ಯಾಸ ಇದೆ. ಆದರೆ ಅದನ್ನು ಹೇಳಬೇಕಾದರೆ ಅಮ್ಮನಿಗೆ ಸ್ವಂತ ಇಷ್ಟ ಇಲ್ಲ ಅಂತ ನಾನು ಹೇಳಬೇಕು. ಆ ಮಾತು ನನ್ನ ನಾಲಿಗೆ ಮೇಲೆ ಬರಲಾರದು. ಚಾಪೆಯ ಇನ್ನೊಂದು ತುದಿ ಹಿಡಿದು ಹಾಸಿದೆ. ಅಷ್ಟರಲ್ಲಿ ಓರಗಿತ್ತಿ ಮೆಟ್ಟಿಲು ಹತ್ತಿ ಬಂದಳು, ಮುಡಿ ತುಂಬ ಕನಕಾಂಬರ.

ದಸರೆ ಕಳೆಯಿತು. ಅತ್ತೆ ಹೊರಡುವ ದಿನ ನಾನು ಅಮ್ಮನ ಮುಖ ಬಿಚ್ಚಿ, ಹಳದಿ ರೇಷ್ಮೆ ತುಂಡಿನಲ್ಲಿ ಸುತ್ತಿ, ಬುಟ್ಟಿಯಲ್ಲಿ ಅಕ್ಕಿಯ ಮೇಲಿಟ್ಟು ಕೊಟ್ಟೆ. ಹಳೇ ದಾರ ಆ ವಾರವೇ ಸವೆದು ಹೋಗಿತ್ತು, ಹಾಸೂ ಮುಗಿದಿತ್ತು. ಓರಗಿತ್ತಿ ಕಾರಿನಲ್ಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅವಳು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದು ನಿಜ. ಅದರಿಂದ ಏನೂ ತಣ್ಣಗಾಗಲಿಲ್ಲ. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದು ಅಮ್ಮ ಕೂರುತ್ತಿದ್ದ ಗೋಡೆಯ ಗೂಡು ಒರೆಸಿದೆ. ಒರೆಸುವುದಕ್ಕೆ ಏನೂ ಇರಲಿಲ್ಲ.

ಆ ವಾರ ನನ್ನ ಮನಸ್ಸು ಸದಾ ಅವರ ಮನೆಯಲ್ಲಿ. ಅಮ್ಮ ಆ ಬಿಳಿ ಕಲ್ಲಿನ ಮೇಲೆ ಹೇಗೆ ಕೂತಿದ್ದಾಳೋ, ಇಲ್ಲಿನ ಮಸಿ ಹಿಡಿದ ಗೂಡು ಅವಳಿಗೆ ನೆನಪಾಗುತ್ತದೋ ಇಲ್ಲವೋ. ಸಪ್ಪಗಿದ್ದಾಳೆ ಅಂತ ಯಾರಾದರೂ ಬಂದು ಹೇಳಲಿ ಅಂತ ಆಸೆ. ದೇವರ ಬಗ್ಗೆ ಹೀಗೆ ಆಸೆಪಡಬಾರದು ಅಂತ ಗೊತ್ತು. ಮಂಗಳವಾರ ಮಗ್ಗಕ್ಕೆ ಹೊಸ ಹಾಸು ಬಂತು. ಹಳೇ ಎಳೆಗೆ ಹೊಸ ಎಳೆ ಸೇರಿಸಿ ಕೆಚ್ಚುವ ಕೆಲಸಕ್ಕೆ ನಾನೂ ಕೂತೆ. ಎಳೆಗೆ ಎಳೆ ಹಿಡಿದು ಹೊಸೆಯುವಾಗ ಮನಸ್ಸು ಸ್ವಲ್ಪ ನಿಂತಿತು. ಅಮ್ಮನಿಗೆ ಅಂತ ಎಳೆ ತೆಗೆದು ಹೊಸೆದೆ, ಅರಿಶಿನ ಹಚ್ಚಿದೆ. ಹಚ್ಚಿದ ಮೇಲೆ ನೆನಪಾಯಿತು, ಇಲ್ಲಿ ಕಟ್ಟುವುದಕ್ಕೆ ಮುಖ ಇಲ್ಲ. ದಾರವನ್ನು ಖಾಲಿ ಗೂಡಿನಲ್ಲಿಟ್ಟೆ.

ಶುಕ್ರವಾರ ಬೆಳಿಗ್ಗೆ, ಇನ್ನೂ ಅಂಗಳಕ್ಕೆ ರಂಗೋಲಿ ಹಾಕುತ್ತಿದ್ದೆ, ಓರಗಿತ್ತಿ ಸ್ಕೂಟರ್ ನಿಲ್ಲಿಸಿದಳು. ತಲೆಗೆ ನೀರು ಹಾಕಿಕೊಂಡು ಬಂದಿದ್ದಳು, ಕೂದಲು ಒದ್ದೆ.

"ಅಕ್ಕಾ, ಅಮ್ಮ ನಿಲ್ತಾ ಇಲ್ಲ."

"ಏನಾಯ್ತೇ?"

"ಅಂಗಡಿ ದಾರದಲ್ಲಿ ಕಟ್ದೆ. ಜಾರಿ ಜಾರಿ ಒಂದು ಕಡೆ ವಾಲ್ತಾಳೆ. ಅತ್ತೆ ನೋಡ್ಬಿಟ್ಟು ಒಂದೇ ಸಮ ಬೈತಿದಾರೆ, ಹಾಸಿನ ದಾರ ಇಲ್ದೆ ಕಟ್ಟಿದೀಯಲ್ಲೇ, ಅವಳು ಹೇಗೆ ಕೂತ್ಕೋತಾಳೆ ಅಂತ. ನಮ್ಮನೇಲಿ ಮಗ್ಗ ಎಲ್ಲಿದೆ ಅಕ್ಕಾ? ಈ ವಾರ ಹಾಸು ಏರಿಸಿದ್ರಂತಲ್ಲ. ದಾರ ತೆಗೆದಿದೀರಾ?"

ರಂಗೋಲಿ ಪುಡಿ ಕೈಯಲ್ಲೇ ಇತ್ತು. ಗೂಡಿನ ಕಡೆ ನೋಡಿದೆ.

ದೀಪದಿಂದ ಹಚ್ಚಿಕೊಂಡು ಹೋದ ದೀಪ ಆಮೇಲೆ ಮೊದಲನೇ ದೀಪದ ಹತ್ತಿರ ಬರುವುದಿಲ್ಲ. ಅದಕ್ಕೆ ಅದರದೇ ಎಣ್ಣೆ. ಅಮ್ಮ ಹಾಗಲ್ಲ. ಯಾರ ಮನೆಯಲ್ಲಿ ಕೂತರೂ ಅವಳಿಗೆ ಈ ಮನೆಯ ಮಗ್ಗದ ದಾರ ಬೇಕು. ಇದನ್ನು ಅವತ್ತು ಮಹಡಿಯಲ್ಲಿ ಹೇಳಬೇಕಿತ್ತು ಅಂತ ಒಂದು ಕ್ಷಣ ಹೊಟ್ಟೆ ಉರಿಯಿತು. ಹೇಳಿದ್ದರೆ ಮೇಡಂ ಕನ್ನಡಕ ಎತ್ತಿ ಎರಡು ವಾರ ಕೊಂಡಾಡುತ್ತಿದ್ದರು. ಆಮೇಲೆ ಅವರೇ ಕೇಳುತ್ತಿದ್ದರು ಅನ್ನಿಸಿತು: ದಾರ ಈ ಮನೆಯದೇ ಆಗಬೇಕೋ, ಯಾವ ಮಗ್ಗದ್ದಾದರೂ ಆದೀತೋ, ಎಷ್ಟರ ಮಟ್ಟಿಗೆ? ಊರ ತುಂಬ ಮಗ್ಗಗಳಿವೆ. ಅವಳ ಮನೆಯ ಹಿಂದಿನ ಬೀದಿಯಲ್ಲೇ ಇವೆ. ಅವಳು ಅಲ್ಲಿಗೆ ಹೋಗದೆ ಇಲ್ಲಿಗೆ ಬಂದಿದ್ದಳು. ನಾನು ಅದಕ್ಕಿಂತ ಆಳಕ್ಕೆ ಕೆದಕಲಿಲ್ಲ.

"ತೆಗೆದಿಟ್ಟಿದೀನಿ ಇರು," ಅಂದೆ.

"ಕೊಟ್ಬಿಡಿ ಅಕ್ಕಾ, ಅತ್ತೆ ಕಾಯ್ತಿದಾರೆ."

"ಕೊಟ್ರೆ ಏನು ಮಾಡ್ತೀಯ? ಮೂಗಿನ ಹತ್ರ ಗಂಟು ಬರೋ ಹಾಗೆ ಕಟ್ಟಿರ್ತೀಯ. ಹಿಂದೆ, ಕಾಯಿ ಜುಟ್ಟಿನ ಕೆಳಗೆ ಬರ್ಬೇಕು ಗಂಟು."

ಅವಳು ಬೆಪ್ಪಾಗಿ ನೋಡಿದಳು. "ಜುಟ್ಟಿನ ಮೇಲೆ ಕಟ್ಟಿದೆ."

"ಅದಕ್ಕೇ ಜಾರೋದು."

"ನಿಮಗೆ ಗೊತ್ತಿರೋದು ನನಗೂ ಹೇಳ್ಕೊಟ್ರೆ ನಿಮಗೇನೂ ಕಮ್ಮಿ ಆಗಲ್ಲ ಅಕ್ಕಾ," ಅಂದಳು. ಆಮೇಲೆ ತಾನೇ ನಕ್ಕಳು. "ಇದಕ್ಕೆ ಅಂಟುತ್ತೆ ಅಲ್ವಾ? ಮೇಡಂ ಹೇಳಿದ್ರು, ಕಲಿಯೋದಕ್ಕೆ ಅಂಟುತ್ತೆ ಅಂತ."

ಅಂಟುತ್ತಿತ್ತು. ಅದೇ ನನಗೆ ಬೇಡವಾಗಿತ್ತು. ಈ ಒಂದು ಗಂಟು ಅವಳಿಗೆ ಬಾರದೆ ಇರಲಿ ಅಂತ ನನ್ನ ಮನಸ್ಸು ಹೇಳುತ್ತಿತ್ತು. ಆದರೆ ಅಲ್ಲಿ ಅಮ್ಮ ವಾಲಿಕೊಂಡು ಕೂತಿದ್ದಾಳೆ, ಶುಕ್ರವಾರ ಬೇರೆ. ಕೈ ತೊಳೆದು, ದಾರವನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಅವಳ ಸ್ಕೂಟರ್ ಹಿಂದೆ ಕೂತೆ.

ಬಿಳಿ ಕಲ್ಲಿನ ಮೇಲೆ ಅಮ್ಮ ನಾನು ಅಂದುಕೊಂಡಷ್ಟು ಸಪ್ಪಗಿರಲಿಲ್ಲ. ಎಡಕ್ಕೆ ವಾಲಿ, ಏನೋ ಕೇಳಿಸಿಕೊಳ್ಳುತ್ತಿರುವವಳ ಹಾಗೆ ಇದ್ದಳು. ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವರು, "ಬಂದ್ಯಾ," ಅಂದರು, ನಾನು ಬರುವುದು ಮೊದಲೇ ಗೊತ್ತಿದ್ದವರ ಹಾಗೆ. ನಾನು ಅಂಗಡಿ ದಾರ ಬಿಚ್ಚಿ ಅರಿಶಿನದ ದಾರ ಹಾಕಿದೆ. ಓರಗಿತ್ತಿ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದಳು. ಅವಳಿಗೆ ಕಾಣದ ಹಾಗೆ ಕೈ ಮರೆ ಮಾಡಬಹುದಿತ್ತು.

ಒಂದು ಸಲ ಕಟ್ಟಿ, ಬಿಚ್ಚಿ, ದಾರವನ್ನು ಅವಳ ಕೈಗೆ ಕೊಟ್ಟೆ. "ಈಗ ನೀನು ಕಟ್ಟು."

ಅವಳು ಕಟ್ಟಿದಳು. ಮೊದಲ ಸಲಕ್ಕೇ ನೆಟ್ಟಗೆ ಬಂತು. ನನಗೆ ವರ್ಷಗಳು ಹಿಡಿದಿದ್ದವು. ಅತ್ತೆ "ನೋಡು, ಎಷ್ಟು ಚೆನ್ನಾಗಿ ಕಲಿತ್ಲು" ಅಂದರು. ನಾನು ಮಂಗಳಾರತಿ ತಟ್ಟೆಗೆ ಕರ್ಪೂರ ಹಾಕಲು ತಿರುಗಿದೆ. ಯುಗಾದಿ ಇನ್ನೂ ದೂರ ಇತ್ತು. ಆದರೆ ಹಾಸು ಮುಗಿದಾಗಲೆಲ್ಲ ಅವಳು ದಾರಕ್ಕೆ ನಮ್ಮ ಬಾಗಿಲಿಗೆ ಬರಬೇಕು. ಕರ್ಪೂರ ಹಚ್ಚುವಾಗ ಅವತ್ತಿನ ಕೃಪೆ ಅಂತ ನಾನು ಮೊದಲು ಎಣಿಸಿದ್ದು ಅದನ್ನೇ.